‘ಒಂದಿಂಚು ತಾನೇ’ ಅನ್ನಿಸಿಕೊಳ್ಳುವ ಮೊದಲು ಬರೆಯಬೇಕಾದ ಪತ್ರ

ಮನೆಯಲ್ಲೇ ಕೂತು ಪ್ಲಾನ್ ಬರೆದುಕೊಡುವ ಹುಡುಗರು ಶಿವಮೊಗ್ಗದಲ್ಲಿ ಈಗ ಬೀದಿಗೊಬ್ಬರು ಸಿಗುತ್ತಾರೆ. ಕೈ ಚುರುಕು, ಆಟೋಕ್ಯಾಡ್ ನೀರು ಕುಡಿದಷ್ಟು ಸಲೀಸು. ಆದರೆ ಗಿರಾಕಿಗೆ ಒಂದು ಪುಟದ ಕಾಗದ ಬರೆಯಿರಿ ಅಂದರೆ ತಡಬಡಿಸುತ್ತಾರೆ. ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ತನ್ನ ಫೋನ್ ತೋರಿಸಿದ. ಒಂದೇ ಮನೆಗೆ ಹದಿನಾಲ್ಕು ಪಿಡಿಎಫ್, ಕೊನೆಯದರ ಹೆಸರು `final_final_new2.pdf`. ಬಾಕಿ ದುಡ್ಡು ಮಾತ್ರ ಬಂದಿರಲಿಲ್ಲ. ಕೇಳಿದಾಗೆಲ್ಲ ‘ಇನ್ನೊಂದು ಸಣ್ಣ ಕರೆಕ್ಷನ್ ಇದೆ’ ಎಂಬ ಉತ್ತರ.

ಎಷ್ಟು ಸಲ ತಿದ್ದಿಕೊಡುತ್ತೀರಿ, ಯಾವ ಫೈಲ್ ಕೊಡುತ್ತೀರಿ, ಹೇಗೆ ಯಾವಾಗ ತಲುಪಿಸುತ್ತೀರಿ ಎಂಬ ಮೂರೂ ಸಂಗತಿಗೆ ಒಂದೇ ಪತ್ರ ಸಾಕು. ಅದನ್ನು ಬರೆಯುವ ಬಗೆ ಇಲ್ಲಿದೆ.

ಮೊದಲನೆಯದು: ಯಾವಾಗ, ಯಾವ ಭಾಷೆಯಲ್ಲಿ

ಸೈಟ್ ಅಳತೆ ತಂದ ಮೇಲೆ, ಮೊದಲ ಗೆರೆ ಎಳೆಯುವ ಮುಂಚೆ. ಅಡ್ವಾನ್ಸ್ ತೆಗೆದುಕೊಂಡ ಮೇಲೆ ಕಳಿಸಿದರೆ ಅದನ್ನು ಯಾರೂ ಓದುವುದಿಲ್ಲ.

ಕನ್ನಡದಲ್ಲೇ ಬರೆಯಿರಿ. ನಿಮ್ಮ ಜೊತೆ ಮಾತಾಡುವ ಮಗ ಬೆಂಗಳೂರಿನಲ್ಲಿರಬಹುದು, ಆದರೆ ಬಚ್ಚಲು ಯಾವ ಮೂಲೆಗೆ ಎಂದು ತೀರ್ಮಾನಿಸುವವರು ತೀರ್ಥಹಳ್ಳಿ ಕಡೆಯ ಮನೆಯಲ್ಲಿರುವ ಅಪ್ಪ ಅಮ್ಮ. ಇಂಟರ್‌ನೆಟ್ಟಿನಿಂದ ಇಳಿಸಿದ ಇಂಗ್ಲಿಷ್ ಒಪ್ಪಂದವನ್ನು ನಾನೂ ಒಮ್ಮೆ ಕಳಿಸಿದ್ದೆ. ಅದರಲ್ಲಿ ‘ಎರಡು ರೌಂಡ್’ ತಿದ್ದುಪಡಿ ಎಂದಿತ್ತು. ಗಿರಾಕಿ ಅದನ್ನು ನಾನು ಎರಡು ಸಲ ಸೈಟಿಗೆ ಬಂದು ಹೋಗುತ್ತೇನೆ ಎಂದು ಓದಿಕೊಂಡಿದ್ದರು. ಅವರ ತಪ್ಪಲ್ಲ.

ಪತ್ರದ ಮೊದಲ ಪ್ಯಾರಾದಲ್ಲಿ ನೀವು ಯಾರು ಅನ್ನುವುದು ಸ್ಪಷ್ಟವಾಗಿರಲಿ. ಆರ್ಕಿಟೆಕ್ಟ್ಸ್ ಆಕ್ಟ್ 1972ರ ಪ್ರಕಾರ ನೋಂದಣಿ ಇಲ್ಲದವರು ‘ಆರ್ಕಿಟೆಕ್ಟ್’ ಎಂಬ ಹೆಸರು ಹಾಕಿಕೊಳ್ಳುವಂತಿಲ್ಲ. ಹಾಗಾಗಿ ‘ನಾನು ಡ್ರಾಫ್ಟ್ಸ್‌ಮನ್. ನೀವು ಹೇಳಿದಂತೆ ನಕ್ಷೆ ಬರೆದುಕೊಡುತ್ತೇನೆ. ಕಾಲಂ, ಬೀಮ್, ಕಬ್ಬಿಣದ ಲೆಕ್ಕ ನಿಮ್ಮ ಸ್ಟ್ರಕ್ಚರಲ್ ಇಂಜಿನಿಯರರದ್ದು’ ಎಂದು ಬರೆದುಬಿಡಿ. ಜೊತೆಗೆ ಎಷ್ಟು ಶೀಟು, ಯಾವ ಯಾವುದು ಎಂಬ ಪಟ್ಟಿ. ಶೀಟಿನ ಪಟ್ಟಿ ಇಲ್ಲದಿದ್ದರೆ ಮುಂದೆ ಹೇಳುವ ಲೆಕ್ಕ ಯಾವುದೂ ನಿಲ್ಲುವುದಿಲ್ಲ.

ಎರಡನೆಯದು: ತಿದ್ದುಪಡಿ ಅಂದರೆ ಏನು

ಎಲ್ಲರೂ ಮುಗ್ಗರಿಸುವುದು ಇಲ್ಲಿ. ‘ಎರಡು ತಿದ್ದುಪಡಿ ಉಚಿತ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಬೆಳಿಗ್ಗೆ ‘ಕಿಟಕಿ ಸರಿಸಿ’, ಮಧ್ಯಾಹ್ನ ‘ದೇವರ ಕೋಣೆ ಬಾಗಿಲು ಪೂರ್ವಕ್ಕೆ’, ರಾತ್ರಿ ‘ವಾಸ್ತುವಿನವರು ಬೇಡ ಅಂದ್ರು, ಮೊದಲಿನ ಹಾಗೇ ಇರಲಿ’ ಎಂದು ಮೆಸೇಜ್ ಬಂದರೆ ಅದು ಒಂದೋ, ಮೂರೋ? ಪತ್ರ ಉತ್ತರಿಸಬೇಕಾದ್ದು ಈ ಪ್ರಶ್ನೆಗೆ.

ನಾನು ಬರೆಯುವುದು ಹೀಗೆ:

‘ನಾನು ಕಳಿಸಿದ ನಕ್ಷೆಯನ್ನು ಮನೆಯವರೆಲ್ಲ ಕೂತು ನೋಡಿ, ವಾಸ್ತು ಕೇಳುವುದಿದ್ದರೆ ಅದನ್ನೂ ಕೇಳಿ ಮುಗಿಸಿ, ಬೇಕಾದ ಬದಲಾವಣೆಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ಬರೆದು ಕಳಿಸಿ. ಆ ಪಟ್ಟಿಯಲ್ಲಿ ಒಂದು ಅಂಶವಿದ್ದರೂ ಹತ್ತಿದ್ದರೂ ಅದು ಒಂದು ತಿದ್ದುಪಡಿ. ಇಂಥ ಎರಡು ತಿದ್ದುಪಡಿ ಒಪ್ಪಿದ ಮೊತ್ತದಲ್ಲೇ ಸೇರಿವೆ. ಪಟ್ಟಿ ಕಳಿಸುವವರು ಮನೆಯ ಪರವಾಗಿ ಒಬ್ಬರೇ ಇರಲಿ.’

ಕೊನೆಯ ವಾಕ್ಯ ಬಿಡಬೇಡಿ. ಅಣ್ಣ ಒಂದು ಹೇಳಿ ತಮ್ಮ ಇನ್ನೊಂದು ಹೇಳಿದರೆ ಅವರ ಜಗಳಕ್ಕೆ ನಿಮ್ಮ ಎರಡೂ ತಿದ್ದುಪಡಿ ಖರ್ಚಾಗುತ್ತವೆ.

ನಿಮ್ಮದೇ ತಪ್ಪು ಈ ಲೆಕ್ಕದಲ್ಲಿ ಬರುವುದಿಲ್ಲ ಎಂದೂ ಬರೆಯಿರಿ. ಪ್ಲಾನಿನಲ್ಲಿ ಬಾಗಿಲು 3 ಅಡಿ 6 ಇಂಚು, ಬಾಗಿಲು-ಕಿಟಕಿ ಪಟ್ಟಿಯಲ್ಲಿ 3 ಅಡಿ ಎಂದಿದ್ದರೆ ಅದು ನಿಮ್ಮ ಎಡವಟ್ಟು. ವರ್ಷ ಕಳೆದು ಕೇಳಿದರೂ ಪುಕ್ಕಟೆ ತಿದ್ದಿಕೊಡಬೇಕು. ಇದನ್ನು ಬರೆದರೆ ಉಳಿದ ಷರತ್ತುಗಳನ್ನು ಗಿರಾಕಿ ಮುಖ ಗಂಟಿಕ್ಕದೆ ಓದುತ್ತಾರೆ.

ಇನ್ನು ಕಷ್ಟದ ಭಾಗ. ಪ್ಲಾನ್ ಒಪ್ಪಿದ ಮೇಲೆ ಉಳಿದ ಶೀಟುಗಳೆಲ್ಲ ಅದರ ಮೇಲೆ ಕೂತಿರುತ್ತವೆ. ಆಮೇಲಿನ ಬದಲಾವಣೆ ಎಷ್ಟೇ ಚಿಕ್ಕದಾದರೂ ಅದನ್ನು ಅಳೆಯಬೇಕಾದ್ದು ಎಷ್ಟು ಶೀಟು ತಿದ್ದಬೇಕಾಯಿತು ಎಂಬುದರಿಂದ. ಇದನ್ನು ಗಿರಾಕಿಗೆ ಬಾಯಲ್ಲಿ ಹೇಳಿದರೆ ನಂಬುವುದಿಲ್ಲ. ನಾನು ಪತ್ರದ ಜೊತೆ ಒಂದು ನಿಜವಾದ ಲೆಕ್ಕ ಲಗತ್ತಿಸುತ್ತೇನೆ. ಅದು ಹೀಗಿದೆ.

ಹನ್ನೊಂದು ಶೀಟಿನ ಒಂದು ಮನೆ. ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ ಎತ್ತರ 10 ಅಡಿ 6 ಇಂಚು, ಅಂದರೆ 126 ಇಂಚು. ಮೆಟ್ಟಿಲಿನ ಏರು 6 ಇಂಚು ಇಟ್ಟರೆ 21 ಏರು. ಮಧ್ಯದಲ್ಲಿ ಲ್ಯಾಂಡಿಂಗ್ ಕೊಟ್ಟು ತಿರುಗಿಸಿದಾಗ ಒಂದು ಕಡೆ 11 ಏರು, ಇನ್ನೊಂದು ಕಡೆ 10. 11 ಏರಿದ್ದ ಕಡೆ ಕಾಲಿಡುವ ಮೆಟ್ಟಿಲು 10. ಒಂದೊಂದರ ಅಗಲ 10 ಇಂಚು, ಒಟ್ಟು 100 ಇಂಚು, 8 ಅಡಿ 4 ಇಂಚು. ಅದಕ್ಕೆ 3 ಅಡಿ 6 ಇಂಚಿನ ಲ್ಯಾಂಡಿಂಗ್ ಸೇರಿ 11 ಅಡಿ 10 ಇಂಚು. ಲ್ಯಾಂಡಿಂಗಿನ ಹಿಂದಿನ ಗೋಡೆಯಾಚೆ 5 ಅಡಿಯ ಬಚ್ಚಲು.

ಪ್ಲಾನ್ ಒಪ್ಪಿ, ಕೆಲಸದ ಶೀಟುಗಳೆಲ್ಲ ತಯಾರಾದ ಮೇಲೆ ಯಜಮಾನರ ಫೋನ್ ಬಂತು. ‘ಅಮ್ಮನಿಗೆ ಮಂಡಿ ನೋವು. ಮೆಟ್ಟಿಲು ಹನ್ನೊಂದು ಇಂಚು ಮಾಡಿ. ಒಂದಿಂಚು ತಾನೇ ಮಾರಾಯ್ರೆ, ಅದಕ್ಕೇನು ಹೊಸ ಲೆಕ್ಕ?’

ಕೇಳಿದ್ದು ನ್ಯಾಯವೇ. ಆದರೆ ಹತ್ತು ಮೆಟ್ಟಿಲಿಗೆ ಒಂದೊಂದು ಇಂಚು ಅಂದರೆ 10 ಇಂಚು. ಹಿಂದಿನ ಗೋಡೆ ಅಷ್ಟು ಹಿಂದೆ ಹೋದರೆ ಬಚ್ಚಲು 4 ಅಡಿ 2 ಇಂಚಿಗೆ ಇಳಿಯುತ್ತದೆ, ಕಮೋಡಿನ ಮುಂದೆ ಬಾಗಿಲು ತೆರೆಯಲು ಜಾಗವಿಲ್ಲ. ಬಚ್ಚಲನ್ನೂ ಸರಿಸಿದರೆ ಅದರಾಚೆಯ ಉಗ್ರಾಣ ಕಿರಿದಾಗುತ್ತದೆ. ಗೋಡೆಯಲ್ಲಿದ್ದ ಕಾಲಂ ಜಾಗ ಬದಲಾಯಿಸಿತು, ಇಂಜಿನಿಯರ್ ಮತ್ತೆ ನೋಡಬೇಕು. ಕೆಳಗಿನ ಪ್ಲಾನ್, ಮೇಲಿನ ಪ್ಲಾನ್, ಸೆಕ್ಷನ್, ಕಾಲಂ ಲೇಔಟ್, ಬಾಗಿಲು-ಕಿಟಕಿ ಪಟ್ಟಿ, ವಿದ್ಯುತ್, ನೀರಿನ ಪೈಪು: ಏಳು ಶೀಟು. ನನ್ನ ದರ ಶೀಟಿಗೆ 600 ರೂಪಾಯಿ, ಒಟ್ಟು 4,200. ಇದನ್ನು ಕೆಲಸ ಶುರು ಮಾಡುವ ಮುಂಚೆ ಬರೆದು ಕಳಿಸಿ, ‘ಮಾಡಿ’ ಅನ್ನಿಸಿಕೊಂಡ ಮೇಲೆ ಮುಟ್ಟಿದೆ. ಅವರು ಮಾಡಿಸಿದರು. ಇದೇ ಬೇಡಿಕೆ ಮೊದಲ ಪಟ್ಟಿಯಲ್ಲಿ ಬಂದಿದ್ದರೆ ನಯಾಪೈಸೆ ಖರ್ಚಿರಲಿಲ್ಲ.

ಆದ್ದರಿಂದ ಪತ್ರದಲ್ಲಿ: ‘ಪ್ಲಾನ್ ಒಪ್ಪಿದ ಮೇಲೆ ಬರುವ ಬದಲಾವಣೆಗೆ, ಅದರಿಂದ ತಿದ್ದಬೇಕಾಗುವ ಪ್ರತಿ ಶೀಟಿಗೆ ಇಷ್ಟು. ಯಾವ ಯಾವ ಶೀಟು ಎಂದು ಮುಂಚಿತವಾಗಿ ತಿಳಿಸುತ್ತೇನೆ.’ ಗಂಟೆ ಲೆಕ್ಕ ಹಾಕಬೇಡಿ. ಮನೆ ಕಟ್ಟಿಸುವವರು ನಿಮ್ಮ ಗಂಟೆಯನ್ನು ನೋಡಲಾರರು, ಶೀಟನ್ನು ಎಣಿಸಬಲ್ಲರು.

ಮೂರನೆಯದು: ಯಾವ ಫೈಲ್

ಗಿರಾಕಿಗೂ ಮೇಸ್ತ್ರಿಗೂ ಪಿಡಿಎಫ್. ಡಿಡಬ್ಲ್ಯೂಜಿ ಬಾಕಿ ಹಣ ಪೂರ್ತಿ ಬಂದ ಮೇಲೆ. ಇದರಲ್ಲಿ ನನ್ನದು ಹಟ ಎಂದರೂ ಸರಿ. ನಡುವೆ ಕೊಟ್ಟ ಡಿಡಬ್ಲ್ಯೂಜಿಯನ್ನು ಇನ್ನೊಬ್ಬರು ತಿದ್ದಿ, ನನ್ನ ಹೆಸರಿನ ಟೈಟಲ್ ಬ್ಲಾಕ್ ಹಾಗೇ ಇಟ್ಟು ಸೈಟಿಗೆ ಕೊಟ್ಟಿದ್ದನ್ನು ಕಂಡಿದ್ದೇನೆ. ‘ಬೇರೆಯವರು ತಿದ್ದಿದ ಫೈಲಿಗೆ ನಾನು ಜವಾಬ್ದಾರನಲ್ಲ’ ಎಂಬ ಸಾಲು ಇರಲಿ.

ಡಿಡಬ್ಲ್ಯೂಜಿ ಕೊಡುವಾಗ ಯಾವ ಆವೃತ್ತಿ ಎಂದು ಪತ್ರದಲ್ಲೇ ಹೇಳಿ. ನಾನು `SAVEAS` ಮಾಡಿ 2010ರ ಫಾರ್ಮ್ಯಾಟಿನಲ್ಲಿ ಕೊಡುತ್ತೇನೆ. ಹೊಸ ಫಾರ್ಮ್ಯಾಟಿನ ಫೈಲನ್ನು ಹಳೆಯ ಆಟೋಕ್ಯಾಡ್ ತೆರೆಯುವುದೇ ಇಲ್ಲ, ಇಂಜಿನಿಯರ್ ‘ನಿಮ್ಮ ಫೈಲ್ ಕೆಟ್ಟಿದೆ’ ಎಂದು ಫೋನ್ ಮಾಡುತ್ತಾರೆ. ಕಳಿಸುವಾಗ `ETRANSMIT` ಬಳಸಿ. ಜೋಡಿಸಿದ ಫೈಲು, ಪ್ಲಾಟ್ ಸ್ಟೈಲು ಎಲ್ಲ ಒಂದೇ ಜಿಪ್‌ನಲ್ಲಿ ಹೋಗುತ್ತವೆ. ಕೋಣೆಗಳ ಹೆಸರನ್ನು ಹಳೆಯ ನುಡಿ ಫಾಂಟಿನಲ್ಲಿ ಬರೆದಿದ್ದರಂತೂ ಆ ಫಾಂಟ್ ಫೈಲನ್ನು ನೀವೇ ಜೊತೆಗೆ ಸೇರಿಸಿ ಕಳಿಸಬೇಕು. ಇಲ್ಲದಿದ್ದರೆ ಆ ಕಡೆ ‘ಅಡುಗೆ ಮನೆ’ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ.

ಪಿಡಿಎಫ್ ಮಾಡಲು ಆನ್‌ಲೈನ್ ಕನ್ವರ್ಟರ್‌ಗಳ ಸಹವಾಸ ಬೇಡ. ಗೋಡೆಯ ದಪ್ಪ ಗೆರೆ, ಅಳತೆಯ ತೆಳು ಗೆರೆ ಎರಡೂ ಒಂದೇ ಆಗಿ ಬರುವುದುಂಟು. ಆಟೋಕ್ಯಾಡಿನಿಂದಲೇ ಪ್ಲಾಟ್ ಮಾಡಿ.

ನಾಲ್ಕನೆಯದು: ತಲುಪಿಸುವುದು

ಫೈಲಿನ ಹೆಸರಿನ ಕ್ರಮವನ್ನು ಪತ್ರದಲ್ಲಿ ತೋರಿಸಿ: `A03_R0.pdf` ಮೊದಲು ಕಳಿಸಿದ್ದು, `A03_R1.pdf` ಒಂದು ಸಲ ತಿದ್ದಿದ್ದು. ‘ಫೈನಲ್’ ಎಂಬ ಪದವನ್ನು ಫೈಲಿನ ಹೆಸರಿಗೆ ಸೇರಿಸಲೇಬೇಡಿ. ಹೊಸದು ಬಂದಾಗ ಹಳೆಯ ಪ್ರಿಂಟನ್ನು ಸೈಟಿನಿಂದ ತೆಗೆಸುವುದು ಗಿರಾಕಿಯ ಕೆಲಸ ಎಂದೂ ಬರೆಯಿರಿ. ಸಿಮೆಂಟ್ ಶೆಡ್ಡಿನ ಮೊಳೆಗೆ ಸಿಕ್ಕಿಸಿದ್ದ `R0` ನೋಡಿ ಮೇಸ್ತ್ರಿ ಜಂಬಿಟ್ಟಿಗೆ ಗೋಡೆ ಸೊಂಟದೆತ್ತರ ಏರಿಸಿಬಿಟ್ಟ ಮೇಲೆ `R2` ತೋರಿಸಿ ಪ್ರಯೋಜನವಿಲ್ಲ.

ವಾಟ್ಸ್ಯಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ನಕ್ಷೆಯ ಸ್ಕ್ರೀನ್‌ಶಾಟನ್ನು ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿ, 6 ಮತ್ತು 8 ಒಂದೇ ರೀತಿ ಕಾಣುತ್ತವೆ. ಪ್ರಿಂಟಿನ ಬಗ್ಗೆ ಒಂದು ಪರೀಕ್ಷೆ ಕೊಡಿ. ಎ3 ಹಾಳೆಯ 1:100 ನಕ್ಷೆಯ ಮೂಲೆಯಲ್ಲಿ 10 ಅಡಿಯ ಅಳತೆಪಟ್ಟಿ ಹಾಕಿದರೆ ಅದು ಕಾಗದದ ಮೇಲೆ 3 ಸೆಂಟಿಮೀಟರಿಗಿಂತ ತುಸು ಹೆಚ್ಚಿರಬೇಕು. ಝೆರಾಕ್ಸ್ ಅಂಗಡಿಯವರು ಎ4ಗೆ ಕುಗ್ಗಿಸಿದ್ದರೆ 2 ಸೆಂಟಿಮೀಟರ್ ಚಿಲ್ಲರೆ ಸಿಗುತ್ತದೆ. ಹೇಗಿದ್ದರೂ ಬರೆದ ಅಳತೆಯನ್ನೇ ಓದಬೇಕು, ಕಾಗದದ ಮೇಲೆ ಸ್ಕೇಲ್ ಇಟ್ಟು ಅಳೆಯಬಾರದು.

ದಿನಾಂಕ ಕೊಡಬೇಡಿ, ದಿನಗಳನ್ನು ಕೊಡಿ: ‘ಅಳತೆ ಮತ್ತು ಅಡ್ವಾನ್ಸ್ ಎರಡೂ ಕೈಸೇರಿದ ಮೇಲೆ ಹತ್ತು ಕೆಲಸದ ದಿನ, ಪ್ರತಿ ತಿದ್ದುಪಡಿಗೆ ನಾಲ್ಕು.’ ಜುಲೈನಲ್ಲಿ ಕರೆಂಟು ಮೂರು ದಿನ ಬರದಿರುವುದುಂಟು, ಅದಕ್ಕೂ ಒಂದು ಸಾಲು. ‘ಹತ್ತು ದಿನದಲ್ಲಿ ಉತ್ತರ ಬರದಿದ್ದರೆ ಒಪ್ಪಿಗೆ ಎಂದು ಭಾವಿಸುತ್ತೇನೆ’ ಎಂದು ಕೆಲವರು ಬರೆಯುತ್ತಾರೆ. ನನಗೆ ಇದು ಸರಿಕಾಣದು. ಅಡಿಕೆ ಕೊಯ್ಲಿನಲ್ಲಿ ಮುಳುಗಿದವರು ನಕ್ಷೆ ತೆರೆದೇ ಇರುವುದಿಲ್ಲ. ‘ಉತ್ತರ ಬರುವವರೆಗೆ ಕೆಲಸ ನಿಲ್ಲುತ್ತದೆ, ಮತ್ತೆ ಶುರುವಾದಾಗ ಸರದಿಯಂತೆ ತೆಗೆದುಕೊಳ್ಳುತ್ತೇನೆ’ ಎಂದರೆ ಸಾಕು.

ಪತ್ರದ ಅಡಿಯಲ್ಲಿ ಗಿರಾಕಿಯ ಸಹಿಗೆ ಜಾಗ ಬಿಡಿ. ಸಹಿಗಾಗಿ ಅಷ್ಟು ದೂರ ಹೋಗಲಾಗದಿದ್ದರೆ ‘ಪತ್ರ ಓದಿದೆ, ಒಪ್ಪಿದೆ’ ಎಂಬ ಮೂರು ಪದಗಳನ್ನು ಅವರ ನಂಬರಿನಿಂದಲೇ ಟೈಪ್ ಮಾಡಿಸಿಕೊಳ್ಳಿ. ಹೆಬ್ಬೆರಳಿನ ಚಿತ್ರ ಕಳಿಸಿದರೆ ಇನ್ನೊಮ್ಮೆ ಕೇಳಿ.