ಉಗುರಿನ ಬುಡಕ್ಕೆ ಒಂದು ಹನಿ ಎಣ್ಣೆ

ಆಕೆಗೆ 43 ವರ್ಷ. ಗದಗಿನಲ್ಲಿ ಸೊಪ್ಪಿನ ವ್ಯಾಪಾರ. ನಸುಕಿನ ನಾಲ್ಕಕ್ಕೆ ಎದ್ದು ಮೆಂತ್ಯ, ಕೊತ್ತಂಬರಿ ಕಟ್ಟು ಕಟ್ಟಬೇಕು, ಮೇಲೆ ತಣ್ಣೀರು ಚಿಮುಕಿಸುತ್ತಿರಬೇಕು. ಡಿಸೆಂಬರ್‌ನಲ್ಲಿ ನನ್ನ ಹತ್ತಿರ ಬಂದಾಗ ಹೇಳಿದ್ದು ಇಷ್ಟೇ: "ಬೆರಳು ಸತ್ತಂಗ ಆಗ್ತಾವ್ರೀ ಸರ. ರಕ್ತ ಕಡಿಮಿ ಐತಿ ಅಂತ ಟಾನಿಕ್ ಕೊಟ್ಟಿದ್ರು, ಏನೂ ಆಗ್ಲಿಲ್ಲ."

ನನ್ನ ಮುಂದೆ ಕೂತಾಗ ಬೆರಳಿನ ಬಣ್ಣ ಸರಿಯಾಗೇ ಇತ್ತು. ಈ ತೊಂದರೆಯಲ್ಲಿ ಯಾವಾಗಲೂ ಹೀಗೇ. ಆಸ್ಪತ್ರೆಗೆ ಬರುವ ಹೊತ್ತಿಗೆ ಬಿಸಿಲೇರಿರುತ್ತದೆ, ಬೆರಳು ಸುಧಾರಿಸಿರುತ್ತದೆ. ಹಾಗಂತ ಮಂಜುಗಡ್ಡೆ ನೀರಲ್ಲಿ ಕೈ ಅದ್ದಿಸಿ ನೋಡುವುದು ನನಗೆ ಸರಿ ಕಾಣುವುದಿಲ್ಲ. ಸುಮ್ನೆ ನೋವು ಕೊಟ್ಟಂತೆ. ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಂಡು ಬನ್ನಿ ಅಂತ ಹೇಳುತ್ತೇನೆ. ನಮ್ಮ ಮೈಬಣ್ಣಕ್ಕೆ ಬೆರಳಿನ ಹಿಂಭಾಗದಲ್ಲಿ ಬದಲಾವಣೆ ಅಷ್ಟು ಕಾಣುವುದಿಲ್ಲ, ಅದಕ್ಕೆ ಅಂಗೈ ಕಡೆಯಿಂದ ತೆಗೆಯಬೇಕು. ಆಕೆಯ ಮಗ ಮರುದಿನವೇ ತಂದು ತೋರಿಸಿದ. ಎರಡು ಬೆರಳು ನಡುಗೆಣ್ಣಿನಿಂದ ತುದಿಯವರೆಗೆ ಮೇಣದಂತೆ ಬಿಳಿಚಿದ್ದವು. ಗೆರೆ ಎಳೆದ ಹಾಗೆ, ಅದರ ಕೆಳಗೆ ಚರ್ಮ ಎಂದಿನಂತೆ ಇತ್ತು.

ಚಳಿಗೆ ಬೆರಳಿನ ಸಣ್ಣ ರಕ್ತನಾಳಗಳು ಎಲ್ಲರಲ್ಲೂ ಸ್ವಲ್ಪ ಬಿಗಿಯುತ್ತವೆ. ಕೆಲವರಲ್ಲಿ ಅವು ಪೂರ್ತಿ ಮುಚ್ಚಿಕೊಂಡುಬಿಡುತ್ತವೆ. ರಕ್ತ ಬರುವುದು ನಿಂತಾಗ ಬೆರಳು ಬಿಳಿ. ಒಳಗೆ ನಿಂತ ರಕ್ತದಲ್ಲಿ ಆಮ್ಲಜನಕ ಖಾಲಿಯಾದಾಗ ನೀಲಿ. ನಾಳ ಮತ್ತೆ ತೆರೆದಾಗ ಕೆಂಪು, ಜೊತೆಗೆ ಉರಿ. 1862ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ವೈದ್ಯ ಮಾರಿಸ್ ರೇನೋ ಹೆಸರಿನಿಂದಲೇ ಇದನ್ನು ಕರೆಯುತ್ತೇವೆ.

ಹೆಚ್ಚಿನವರಲ್ಲಿ ಇದು ಬರೀ ನಾಳಗಳ ಸ್ವಭಾವ. ಹರೆಯದಲ್ಲಿ ಶುರುವಾಗುತ್ತದೆ, ಎರಡೂ ಕೈಗೆ ಒಂದೇ ತರ ಬರುತ್ತದೆ, ಗಾಯ ಆಗುವುದಿಲ್ಲ. ಕಾಲೇಜು ಹುಡುಗಿಯರು ಹೀಗೆ ಬಂದಾಗ ಕೈ ನೋಡಿ, ಧೈರ್ಯ ಹೇಳಿ ಕಳಿಸುತ್ತೇನೆ. ಆದರೆ ಈಕೆಗೆ ಶುರುವಾಗಿದ್ದೇ 41ಕ್ಕೆ. ಬಲಗೈಗೆ ಜಾಸ್ತಿ. ತೋರುಬೆರಳಿನ ತುದಿಯಲ್ಲಿ ಜೋಳದ ಕಾಳಿನಷ್ಟು ಹುಣ್ಣು, ಮುಟ್ಟಿದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. "ಅಕ್ಕಾರ, ಉಂಗುರ ಬಿಗಿ ಆಗ್ಯಾವೇನು?" ಅಂದೆ. "ವರ್ಷ ಆತ್ರೀ, ತೆಗದು ಇಟ್ಟೀನಿ" ಅಂದರು. ಉಂಗುರ ಬಿಗಿಯಾಗಿದೆ ಅಂದರೆ ಬೆರಳು ಊದಿದೆ ಅಂತ. ಆ ಮಾತಿಗೆ ನನಗೆ ಕಳವಳವಾಯಿತು.

ಆಗ ಉಗುರಿನ ಬುಡ ನೋಡಿದೆ. ಇದಕ್ಕೆ ದೊಡ್ಡ ಯಂತ್ರವೇ ಬೇಕು ಅಂತಿಲ್ಲ. ಮೊದಲು ರೋಗಿಯನ್ನು ಬೆಚ್ಚಗಿನ ಕೋಣೆಯಲ್ಲಿ 15–20 ನಿಮಿಷ ಕೂರಿಸುತ್ತೇನೆ. ಉಂಗುರದ ಬೆರಳಿನ ಉಗುರಿನ ಬುಡದ ಚರ್ಮಕ್ಕೆ ತಿಳಿಯಾದ ಎಣ್ಣೆಯ ಒಂದು ಹನಿ ಹಾಕುತ್ತೇನೆ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದಲ್ವಾ, ಅದಕ್ಕೆ ಕುಸುಬಿ ಎಣ್ಣೆ. ಎಣ್ಣೆ ಇದ್ದರೆ ಚರ್ಮದ ಮೇಲಿನ ಬೆಳಕಿನ ಹೊಳಪು ಅಡ್ಡ ಬರುವುದಿಲ್ಲ. ಕಣ್ಣಿನ ಒಳಗೆ ನೋಡುವ ಆಫ್ತಾಲ್ಮೋಸ್ಕೋಪನ್ನು ಪ್ಲಸ್ 40 ಲೆನ್ಸಿಗೆ ತಿರುಗಿಸಿ ಬೆರಳಿನ ತೀರಾ ಹತ್ತಿರ ಹಿಡಿಯುತ್ತೇನೆ. ಆರೋಗ್ಯವಂತರಲ್ಲಿ ಸಣ್ಣ ರಕ್ತನಾಳಗಳು ಹೇರ್‌ಪಿನ್ ಆಕಾರದ ತೆಳ್ಳನೆ ಕೆಂಪು ಕುಣಿಕೆಗಳಾಗಿ ಸಾಲಾಗಿ ಕಾಣುತ್ತವೆ. ಈಕೆಯಲ್ಲಿ ಕೆಲವು ಕುಣಿಕೆ ಊದಿ ದಪ್ಪಗಾಗಿದ್ದವು, ನಡುವೆ ಖಾಲಿ ಜಾಗ, ಒಂದೆರಡು ಕಡೆ ಕಂದು ರಕ್ತದ ಚುಕ್ಕೆ. ಇಷ್ಟಾದರೆ ಒಳಗೆ ರೋಗ ಇದೆ ಅಂತಲೇ ನಾನು ಹುಡುಕುತ್ತೇನೆ.

ದೇಹದ ರೋಗನಿರೋಧಕ ಶಕ್ತಿ ತನ್ನ ಮೇಲೇ ತಿರುಗಿಬಿದ್ದಿದೆಯಾ ಅಂತ ಸುಳಿವು ಕೊಡುವ ಎಎನ್ಎ ರಕ್ತಪರೀಕ್ಷೆ ಪಾಸಿಟಿವ್ ಬಂತು. ಯಾವ ರೋಗ ಅಂತ ಇನ್ನಷ್ಟು ಖಚಿತವಾಗಲು ಆಮೇಲೆ ಮಾಡಿಸಿದ ಆಂಟಿ ಸೆಂಟ್ರೊಮಿಯರ್ ಪರೀಕ್ಷೆಯೂ ಪಾಸಿಟಿವ್. ಚರ್ಮ ಬಿಗಿಯಾಗುತ್ತಾ ಹೋಗುವ ಸ್ಕ್ಲೀರೋಡರ್ಮಾ. ಅದರಲ್ಲಿ ಬೆರಳಿಗಷ್ಟೇ ಸೀಮಿತವಾಗದೆ ಅನ್ನನಾಳ, ಶ್ವಾಸಕೋಶ, ಕಿಡ್ನಿಗೂ ಪೆಟ್ಟು ಬೀಳಬಹುದು. ಕೇಳಿದಾಗ ರೊಟ್ಟಿ ಎದೆಯಲ್ಲಿ ಸಿಕ್ಕಿಕೊಳ್ಳುತ್ತದೆ ಅಂದರು. ಅದನ್ನು ಅವರು ಬೇರೆಯೇ ಕಾಯಿಲೆ ಅಂದುಕೊಂಡಿದ್ದರು. ಹುಬ್ಬಳ್ಳಿಯಲ್ಲಿ ಹೃದಯದ ಎಕೋ, ಶ್ವಾಸಕೋಶದ ಪರೀಕ್ಷೆ ಮಾಡಿಸಿ ಸಂಧಿವಾತ ತಜ್ಞರಿಗೆ ತೋರಿಸಿದೆವು.

ಹಳೆ ಚೀಟಿಗಳಲ್ಲಿ ಇನ್ನೊಂದು ಸಿಕ್ಕಿತು. ತಲೆನೋವಿಗೆ ಯಾರೋ ಪ್ರೊಪ್ರನಾಲಾಲ್ ಬರೆದಿದ್ದರು. ಅದು ಬೆರಳಿನ ನಾಳವನ್ನು ಇನ್ನಷ್ಟು ಬಿಗಿಮಾಡಬಲ್ಲದು. ಅದನ್ನು ಹಂತಹಂತವಾಗಿ ಇಳಿಸಿ ನಿಲ್ಲಿಸಿದೆ. ನಾಳ ಸಡಿಲಿಸಲು ನಿಧಾನವಾಗಿ ಬಿಡುಗಡೆಯಾಗುವ ನಿಫೆಡಿಪಿನ್ 20 ಮಿಲಿಗ್ರಾಂನಿಂದ ಶುರು ಮಾಡಿದೆ. ಮೊದಲ ವಾರ ತಲೆಭಾರ, ಕಾಲಲ್ಲಿ ಬಾವು ಬಂತು, ಆಮೇಲೆ ಹೊಂದಿಕೊಂಡಿತು. ಕೈಗವಸಿಗಿಂತ ಹೆಚ್ಚಾಗಿ ಸ್ವೆಟರ್, ಕಿವಿ ಮುಚ್ಚುವ ಶಾಲು ಅಂತ ಒತ್ತಿ ಹೇಳಿದೆ. ಮೈ ತಣ್ಣಗಾದರೂ ಬೆರಳಿನ ನಾಳ ಮುಚ್ಚುತ್ತದೆ. ಸೊಪ್ಪಿಗೆ ನೀರು ಚಿಮುಕಿಸುವುದನ್ನು ಮಗ ವಹಿಸಿಕೊಂಡ. ಹುಣ್ಣು ಮಾಯಲು ಏಳು ವಾರ ಬೇಕಾಯಿತು.

ಈಗಲೂ ಪ್ರತಿ ಸಲ ಬಂದಾಗ ಮೊದಲು ಬಿಪಿ ನೋಡುತ್ತೇನೆ. ಈ ರೋಗದಲ್ಲಿ ಬಿಪಿ ಇದ್ದಕ್ಕಿದ್ದಂತೆ ಏರಿದರೆ ಕಿಡ್ನಿಗೆ ಅಪಾಯದ ಸೂಚನೆ ಇರಬಹುದು. ಬೆಚ್ಚಗೆ ಮಾಡಿ ಒಂದು ಗಂಟೆಯಾದರೂ ಬಣ್ಣ ಮರಳದಿದ್ದರೆ, ಅಥವಾ ತುದಿ ಕಪ್ಪಾದರೆ, ಬೆಳಗಾಗುವ ತನಕ ಕಾಯದೆ ಬರಬೇಕು ಅಂತ ಆಕೆಗೂ ಮಗನಿಗೂ ಚೀಟಿಯ ಮೇಲೆ ಬರೆದುಕೊಟ್ಟಿದ್ದೇನೆ.