9.2ರ ಬಾಟಲಿ ಹೇಳಿದ ಸುಳ್ಳು: ಪಿಎಚ್ ಮೀಟರ್ ಒಪ್ಪಿಸುವಾಗ

ರಾಯಚೂರಿನ ಈ ಮಣ್ಣು ಪರೀಕ್ಷಾ ಲ್ಯಾಬಿನಲ್ಲಿ ನನ್ನ ಕೆಲಸ ಮುಗಿಯುತ್ತಾ ಬಂತು. ಮುಂದಿನ ವಾರದಿಂದ ಪಿಎಚ್ ಮೀಟರ್ ನಿಮ್ಮ ಕೈಗೆ ಬರುತ್ತದೆ. ನಮ್ಮದು ನಾಬ್ ತಿರುಗಿಸುವ ಹಳೇ ಮೀಟರ್. ಹೇಗೆ ಆನ್ ಮಾಡೋದು, ಯಾವ ನಾಬ್ ಯಾವುದಕ್ಕೆ ಎಂಬುದನ್ನು ಎರಡು ದಿನದಲ್ಲಿ ಕಲಿಯುತ್ತೀರಿ. ಅದನ್ನು ಇಲ್ಲಿ ಬರೆಯುವುದಿಲ್ಲ. ಮೀಟರ್ ಸುಳ್ಳು ಹೇಳುವಾಗ ಅದನ್ನು ಹೇಗೆ ಹಿಡಿಯೋದು ಅನ್ನುವುದು ನನಗೆ ತಡವಾಗಿ ಗೊತ್ತಾಯಿತು. ಅದಕ್ಕೇ ಈ ಟಿಪ್ಪಣಿ.

ನಮ್ಮಲ್ಲಿಗೆ ಬರುವ ಮಣ್ಣು ಹೆಚ್ಚಿನದು ಎರೆ ಮಣ್ಣು. ಸಿಂಧನೂರು, ಮಾನ್ವಿ ಕಡೆ ತುಂಗಭದ್ರಾ ಕಾಲುವೆ ನೀರಲ್ಲಿ ಭತ್ತ ಬೆಳೆಯುವ ಹೊಲಗಳದ್ದು. ಸವಳು ಬಿದ್ದಿದೆಯಾ, ಕ್ಷಾರಕ್ಕೆ ತಿರುಗಿದೆಯಾ ಅನ್ನೋದೇ ರೈತರ ಪ್ರಶ್ನೆ. ಪಿಎಚ್ 8.5 ದಾಟಿದರೆ ಕ್ಷಾರದ ಗುಮಾನಿ ಶುರು. ಆಮೇಲೆ ಸೋಡಿಯಂ ನೋಡಬೇಕು, ಜಿಪ್ಸಂ ಮಾತು ಬರುತ್ತದೆ. ಹಾಗಾಗಿ ಇಲ್ಲಿ 8.3ಕ್ಕೂ 8.5ಕ್ಕೂ ಇರುವ ವ್ಯತ್ಯಾಸ ಚಿಕ್ಕದಲ್ಲ.

ಒಮ್ಮೆ ಮಾನ್ವಿ ಕಡೆಯ ರೈತರೊಬ್ಬರು ಅದೇ ಚೀಲದ ಮಣ್ಣನ್ನು ಎರಡನೇ ಸಲ ತಂದರು. ಮೊದಲ ಸಲ 8.3 ಬರೆದು ಕೊಟ್ಟಿದ್ದೆವು. ಈ ಸಲ 8.5 ಬಂತು. "ಮೇಡಂ, ಮಣ್ಣು ಅದ ಐತ್ರಿ, ನಂಬರ್ ಯಾಕ ಬ್ಯಾರೆ ಬಂತು? ಜಿಪ್ಸಂ ಹಾಕ್ಬೇಕೋ ಬ್ಯಾಡೋ ಅಷ್ಟ ಹೇಳ್ರಿ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ಬೆಳಿಗ್ಗೆ ಕ್ಯಾಲಿಬ್ರೇಶನ್ ಸರಿಯಾಗಿಯೇ ಆಗಿತ್ತು. ಪಿಎಚ್ ಎಷ್ಟೆಂದು ಮೊದಲೇ ಗೊತ್ತಿರುವ ದ್ರಾವಣವೇ ಬಫರ್. 7ರ ಬಫರ್‌ನಲ್ಲಿ 7.00 ತೋರಿಸಿತ್ತು. 9.2ರ ಬಫರ್‌ನಲ್ಲಿ ಸ್ಲೋಪ್ ನಾಬ್ ತಿರುಗಿಸಿದ್ದೆ, ಅಲ್ಲೂ ಸರಿಯಾಗಿ ಕೂತಿತ್ತು.

ಕೂತೇ ಕೂರುತ್ತದೆ. ನಾಬ್ ಇರುವುದೇ ಕೂರಿಸೋಕೆ ಅಲ್ವಾ? ಬಫರ್ ಕೆಟ್ಟಿರಲಿ, ಅದರಲ್ಲಿ ಅದ್ದುವ ಎಲೆಕ್ಟ್ರೋಡ್ ಕೆಟ್ಟಿರಲಿ, ತಿರುಗಿಸಿದರೆ ನಂಬರ್ ಬರುತ್ತದೆ.

ನಮ್ಮ ಹತ್ತಿರ ಒಂದು ಡಬ್ಬಿ ಚೆಕ್ ಮಣ್ಣು ಇದೆ. ಒಂದೇ ಹೊಲದ ಮಣ್ಣನ್ನು ಒಣಗಿಸಿ, ಜರಡಿ ಹಿಡಿದು ಇಟ್ಟಿದ್ದು. ಎಷ್ಟು ಸಲ ನೋಡಿದರೂ 8.4 ಬರುತ್ತಿತ್ತು. ಅವತ್ತು ಅದನ್ನೂ ನೋಡಿದೆ, 8.6 ಬಂತು. ತಪ್ಪು ರೈತರ ಚೀಲದ್ದಲ್ಲ, ನಮ್ಮದು ಅಂತ ಆಗ ಖಚಿತವಾಯಿತು. ಈ ಡಬ್ಬಿ ಖಾಲಿಯಾಗುವ ಮೊದಲೇ ಇನ್ನೊಂದು ಡಬ್ಬಿ ತಯಾರು ಮಾಡಿ, ಎರಡನ್ನೂ ಕೆಲವು ದಿನ ಜೊತೆಯಲ್ಲಿ ಓದಿಸಿ, ಹೊಸದರ ನಂಬರ್ ಬರೆದಿಡಿ.

ಆಮೇಲೆ 4ರ ಬಫರ್‌ನಲ್ಲಿ ಅದ್ದಿದೆ. ನಮ್ಮ ಮಣ್ಣೆಲ್ಲ 7ರ ಮೇಲಿನದು, ಆದ್ದರಿಂದ 4 ಯಾಕೆ ಅಂತ ನಾನು ಅದನ್ನು ಬಿಟ್ಟೇ ಬಿಟ್ಟಿದ್ದೆ. ಮೀಟರ್ 4.0 ತೋರಿಸಬೇಕಿತ್ತು, 3.6 ತೋರಿಸಿತು. ಈಗ 4ರ ಬಫರ್ ಸರಿ ಇದ್ದರೆ 9.2 ತಪ್ಪು. 9.2 ಸರಿ ಇದ್ದರೆ 4 ತಪ್ಪು. ಇಲ್ಲವೇ ಎಲೆಕ್ಟ್ರೋಡೇ ಹೋಗಿರಬೇಕು. ಇದನ್ನು ತೀರ್ಮಾನ ಮಾಡಲು ನಾಬ್‌ಗಳನ್ನು ಬಿಟ್ಟು ಸ್ವಿಚ್ಚನ್ನು mV ಕಡೆ ತಿರುಗಿಸಬೇಕು. ಅಲ್ಲಿ ಕ್ಯಾಲಿಬ್ರೇಶನ್ ಇಲ್ಲ, ನಾಬ್‌ಗಳ ಆಟ ನಡೆಯುವುದಿಲ್ಲ. ಎಲೆಕ್ಟ್ರೋಡ್ ಕೊಡುವ ಮಿಲಿವೋಲ್ಟ್ ನೇರವಾಗಿ ಕಾಣುತ್ತದೆ.

ಒಳ್ಳೆಯ ಎಲೆಕ್ಟ್ರೋಡ್ 7ರ ಬಫರ್‌ನಲ್ಲಿ ಸೊನ್ನೆಯ ಆಸುಪಾಸು ಇರುತ್ತದೆ. ಪಿಎಚ್ ಒಂದು ಅಂಕಿ ಬದಲಾದರೆ 25 ಡಿಗ್ರಿಯಲ್ಲಿ ಸುಮಾರು 59 ಮಿಲಿವೋಲ್ಟ್, 30 ಡಿಗ್ರಿಯಲ್ಲಿ ಸುಮಾರು 60 ಬದಲಾಗುತ್ತದೆ. ಸ್ಲೋಪ್ ಅಂದರೆ ಇದೇ. 7ಕ್ಕಿಂತ ಕೆಳಗೆ ಪ್ಲಸ್, ಮೇಲೆ ಮೈನಸ್. ಇಷ್ಟು ಗೊತ್ತಿದ್ದರೆ ಸಾಕು.

ಅವತ್ತು ರೂಮಿನಲ್ಲಿ 30 ಡಿಗ್ರಿ ಇತ್ತು. 4ರಲ್ಲಿ ಪ್ಲಸ್ 183, 7ರಲ್ಲಿ ಪ್ಲಸ್ 7, 9.2ರಲ್ಲಿ ಮೈನಸ್ 105 ಬಂತು. 4ರಿಂದ 7ಕ್ಕೆ ಮೂರು ಅಂಕಿ, ಅಂದರೆ ಸುಮಾರು 180 ಬರಬೇಕು. ಬಂದದ್ದು 176. ನೂರಕ್ಕೆ 98 ಆಯಿತು, ಚೆನ್ನಾಗಿದೆ. 9.2ರ ಬಫರ್ ಬಿಸಿಯಾದಂತೆ ತುಸು ಇಳಿಯುತ್ತದೆ. 30 ಡಿಗ್ರಿಯಲ್ಲಿ 9.15ರ ಹತ್ತಿರ ಇರುತ್ತದೆ. ಹಾಗಾಗಿ 7ರಿಂದ ಅಲ್ಲಿಗೆ ಸುಮಾರು 130 ಬರಬೇಕು. ಬಂದದ್ದು 112, ಅಂದರೆ ನೂರಕ್ಕೆ 86.

ಎಲೆಕ್ಟ್ರೋಡ್ ಸುಸ್ತಾಗಿದ್ದರೆ ಎರಡೂ ಕಡೆ ಸುಸ್ತಾಗಿರಬೇಕು. ಒಂದು ಕಡೆ 98, ಇನ್ನೊಂದು ಕಡೆ 86 ಬಂದರೆ ಮೊದಲು ಆ ಕಡೆಯ ಬಾಟಲಿಯನ್ನೇ ಅನುಮಾನಿಸಿ. ಹೊಸ 9.2 ಮಾತ್ರೆಯನ್ನು ಹೊಸ ಡಿಸ್ಟಿಲ್ಡ್ ವಾಟರ್‌ನಲ್ಲಿ, ಪ್ಯಾಕೆಟ್ಟಿನಲ್ಲಿ ಹೇಳಿದಂತೆ 100 ಮಿಲಿಗೆ ಕರಗಿಸಿದೆ. ಮೈನಸ್ 120 ಬಂತು. ವ್ಯತ್ಯಾಸ 127, ಈ ಕಡೆಯೂ 98. ಅದರಿಂದ ಕ್ಯಾಲಿಬ್ರೇಟ್ ಮಾಡಿ ನೋಡಿದರೆ ಚೆಕ್ ಮಣ್ಣು 8.4, ರೈತರ ಮಣ್ಣು 8.3.

ಹಳೇ ಬಾಟಲಿಯ ಬಫರ್ ನಿಜಕ್ಕೂ ಸುಮಾರು 8.9ಕ್ಕೆ ಇಳಿದಿತ್ತು. ಕಾರಣ ಗಾಳಿ. ಕ್ಷಾರದ ಬಫರ್ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ದಿನದಿನಕ್ಕೆ ಇಳಿಯುತ್ತದೆ. 4 ಮತ್ತು 7ರ ಬಫರ್‌ಗಳಿಗೆ ಈ ಕಾಟ ಅಷ್ಟಿಲ್ಲ. ನಮ್ಮ ಬಾಟಲಿಯ ಮುಚ್ಚಳ ಸಡಿಲ ಇತ್ತು. ಸಾಲದ್ದಕ್ಕೆ ಬೀಕರಿನಲ್ಲಿ ಬಳಸಿದ್ದನ್ನು ಉಳಿಸೋಣ ಅಂತ ಮತ್ತೆ ಬಾಟಲಿಗೇ ಸುರಿಯುತ್ತಿದ್ದೆವು. ಹಾಗೆ ಮಾಡುತ್ತಿದ್ದವಳು ನಾನೇ, ಬೇರೆ ಯಾರೂ ಅಲ್ಲ. ಆವತ್ತಿನಿಂದ 9.2 ಬಾಟಲಿಯ ಮೇಲೆ ಕರಗಿಸಿದ ತಾರೀಖು ಬರೆಯುತ್ತೇನೆ, ಕುತ್ತಿಗೆವರೆಗೆ ತುಂಬಿಸಿ ಬಿಗಿಯಾಗಿ ಮುಚ್ಚುತ್ತೇನೆ, ವಾರ ದಾಟಿದರೆ ಚೆಲ್ಲುತ್ತೇನೆ. ಬೀಕರಿಗೆ ಹಾಕಿದ್ದು ಸಿಂಕಿಗೇ. ಒಂದು ಮಾತ್ರೆ ಉಳಿಸಲು ಹೋಗಿ ಒಂದು ದಿನದ ರಿಪೋರ್ಟೆಲ್ಲ ಮತ್ತೆ ಬರೆಯಬೇಕಾಯಿತು.

ಬೆಳಿಗ್ಗೆ ಮೂರೂ ಬಫರ್‌ಗಳ ಮಿಲಿವೋಲ್ಟ್ ಓದಿ ನೀಲಿ ರಿಜಿಸ್ಟರಿನಲ್ಲಿ ಬರೆಯಿರಿ. ಪಕ್ಕದಲ್ಲಿ ಬಫರ್‌ನ ಉಷ್ಣತೆಯನ್ನೂ ಬರೆಯಿರಿ. ಆಮೇಲೆ 7ರಲ್ಲಿ, 9.2ರಲ್ಲಿ ನಾಬ್ ತಿರುಗಿಸಿ, 4ನ್ನು ಸಾಕ್ಷಿಯ ಹಾಗೆ ನೋಡಿ. ಉಷ್ಣತೆಯ ನಾಬ್ ಸ್ಲೋಪ್ ಮಾತ್ರ ಸರಿಮಾಡುತ್ತದೆ, ಬಫರ್ ತಾನೇ ಇಳಿಯುವುದನ್ನು ಅದು ಲೆಕ್ಕಕ್ಕೆ ತಗೊಳ್ಳೋದಿಲ್ಲ. ನಮ್ಮೂರ ಮೇ ತಿಂಗಳು ನಿಮಗೆ ಗೊತ್ತೇ ಇದೆ. 35 ಡಿಗ್ರಿಯಲ್ಲಿ 9.2ರ ಬಫರ್ ಸುಮಾರು 9.10 ಇರುತ್ತದೆ. ಪ್ಯಾಕೆಟ್ಟಿನ ಮೇಲಿನ ಪಟ್ಟಿ ನೋಡಿ ಆ ನಂಬರಿಗೇ ಕೂರಿಸಿ. ಫ್ರಿಜ್ಜಿನಿಂದ ತೆಗೆದ ಬಫರ್ ರೂಮಿನ ಬಿಸಿಗೆ ಬರುವ ತನಕ ಮುಟ್ಟಬೇಡಿ.

ಇನ್ನು ಎರಡೂ ಕಡೆ ಒಂದೇ ಸಮ ಇಳಿದಿದ್ದರೆ, ಉದಾಹರಣೆಗೆ 180 ಬರಬೇಕಾದಲ್ಲಿ 160, 130 ಬರಬೇಕಾದಲ್ಲಿ 115 ಬಂದರೆ, ಆಗ ಎಲೆಕ್ಟ್ರೋಡ್ ಕಡೆ ತಿರುಗಿ. ನಂಬರ್ ನಿಲ್ಲದೆ ನಿಧಾನಕ್ಕೆ ಜಾರುತ್ತಾ ಇದ್ದರೂ ಅದೇ. ನಮ್ಮಲ್ಲಿ ಹೆಚ್ಚಾಗಿ ಕಾರಣ ಎರೆ ಮಣ್ಣು. ಅದರ ಜಿಗುಟು ಎಲೆಕ್ಟ್ರೋಡಿನ ಪಕ್ಕದಲ್ಲಿರುವ ಪುಟ್ಟ ಬಿಳಿ ಚುಕ್ಕೆಗೆ ಮೆತ್ತಿಕೊಳ್ಳುತ್ತದೆ. ಜಂಕ್ಷನ್ ಅಂದರೆ ಅದೇ. ಒಳಗಿನ ಕೆಸಿಎಲ್, ಅಂದರೆ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ, ಅಲ್ಲಿಂದ ಒಂದಿಷ್ಟು ಹೊರಗೆ ಒಸರಬೇಕು. ಅದು ಕಟ್ಟಿದರೆ ಎಲೆಕ್ಟ್ರೋಡಿಗೆ ಉಸಿರು ಕಟ್ಟಿದ ಹಾಗೆ. ಅದಕ್ಕೇ ಓದುವಾಗ ಮೇಲಿನ ರಬ್ಬರ್ ಮುಚ್ಚಳ ತೆಗೆದಿರಬೇಕು, ಒಳಗಿನ ಕೆಸಿಎಲ್ ಮಟ್ಟ ಬೀಕರಿನ ನೀರಿಗಿಂತ ಮೇಲಿರಬೇಕು.

ಜಂಕ್ಷನ್ ಕಟ್ಟಿದರೆ 50 ಡಿಗ್ರಿಯಷ್ಟು ಬೆಚ್ಚಗಿನ ಕೆಸಿಎಲ್‌ನಲ್ಲಿ ಎಲೆಕ್ಟ್ರೋಡನ್ನು ಇಳಿಸಿ, ಅದರಲ್ಲೇ ತಣ್ಣಗಾಗಲು ಬಿಡಿ. ಬೆಳ್ಳಗೆ ಸುಣ್ಣ ಕಟ್ಟಿದ್ದರೆ 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಹತ್ತು ಹದಿನೈದು ನಿಮಿಷ. ಅದನ್ನು ಮಾಡೋದು ಸುಲಭ: ಒಂದು ಲೀಟರ್ ಫ್ಲಾಸ್ಕಿನಲ್ಲಿ ಅರ್ಧದ ಮೇಲೆ ಡಿಸ್ಟಿಲ್ಡ್ ವಾಟರ್ ತುಂಬಿ, ಅದಕ್ಕೆ ಗಟ್ಟಿ ಆಸಿಡ್ ಸುಮಾರು 8.5 ಮಿಲಿ ಹಾಕಿ, ಗುರುತಿನವರೆಗೆ ನೀರು ತುಂಬುವುದು. ಆಸಿಡ್ ನೀರಿಗೆ, ನೀರು ಆಸಿಡ್‌ಗೆ ಅಲ್ಲ. ಫ್ಯೂಮ್ ಹುಡ್ ಕೆಳಗೆ, ಕೈಗವಸು, ಕನ್ನಡಕ ಹಾಕಿಕೊಂಡೇ. ಆಮೇಲೆ ತೊಳೆದು ಒಂದು ಗಂಟೆ ಕೆಸಿಎಲ್‌ನಲ್ಲಿ ನೆನೆಸಿ, ಮತ್ತೆ ಮೂರು ಬಫರ್ ಓದಿ. ಎಲೆಕ್ಟ್ರೋಡಿನ ತುದಿಯ ಗಾಜಿನ ಗುಂಡನ್ನು ಬ್ರಷ್ಷಿನಿಂದ ತಿಕ್ಕಬೇಡಿ. ಬಟ್ಟೆಯಿಂದ ಉಜ್ಜಲೂಬೇಡಿ, ಉಜ್ಜಿದರೆ ಗಾಜಿನ ಮೇಲೆ ವಿದ್ಯುತ್ ಕೂತು ನಂಬರ್ ಕುಣಿಯುತ್ತದೆ. ಟಿಶ್ಯೂ ತಾಗಿಸಿ ನೀರು ಹೀರಿಸಿದರೆ ಸಾಕು.

ಇಷ್ಟು ಮಾಡಿಯೂ ನೂರಕ್ಕೆ 90ರ ಕೆಳಗೇ ಇದ್ದರೆ, ಅಥವಾ 7ರಲ್ಲಿ ಸೊನ್ನೆಯಿಂದ 30 ಮಿಲಿವೋಲ್ಟಿಗಿಂತ ದೂರ ಇದ್ದರೆ, ಒಳಗಿನ ಕೆಸಿಎಲ್ ಸಿರಿಂಜಿನಿಂದ ತೆಗೆದು ಹೊಸದು ತುಂಬಿ. ಗುಂಡಿನಲ್ಲಿ ಗಾಳಿಗುಳ್ಳೆ ಕಂಡರೆ ಜ್ವರ ನೋಡುವ ಥರ್ಮಾಮೀಟರ್ ಕೊಡವುವ ಹಾಗೆ ಕೊಡವಿ. ಅದಕ್ಕೂ ಬಗ್ಗದಿದ್ದರೆ ಹೊಸ ಎಲೆಕ್ಟ್ರೋಡ್. ಆದರೆ ಇಂಡೆಂಟ್ ಬರೆಯುವ ಮೊದಲು ಮೀಟರನ್ನೂ ಪರೀಕ್ಷಿಸಿ: ಎಲೆಕ್ಟ್ರೋಡ್ ಕಳಚಿ, ಸಾಕೆಟ್ಟಿನ ನಡುವಿನ ತೂತಿಗೂ ಹೊರಗಿನ ಲೋಹಕ್ಕೂ ಬಿಡಿಸಿದ ಜೆಮ್ ಕ್ಲಿಪ್ ಮುಟ್ಟಿಸಿದರೆ mVಯಲ್ಲಿ ಸೊನ್ನೆ ಬರಬೇಕು. ಬರದಿದ್ದರೆ ಮೀಟರೇ ಅಪರಾಧಿ.

ಇಡುವ ವಿಷಯಕ್ಕೆ ಬಂದರೆ, ನಾನು ಬಂದಾಗ ಇಲ್ಲಿ ಎಲೆಕ್ಟ್ರೋಡನ್ನು ಡಿಸ್ಟಿಲ್ಡ್ ವಾಟರ್ ಬೀಕರಿನಲ್ಲಿ ನಿಲ್ಲಿಸಿಡುವ ರೂಢಿ ಇತ್ತು. ನೋಡಲು ಶುಭ್ರ, ಆದರೆ ತಪ್ಪು. ಒಳಗಿನ ಕೆಸಿಎಲ್ ಆ ನೀರಿಗೆ ಸೋರಿ ತೆಳುವಾಗುತ್ತದೆ, ಗುಂಡಿನ ಮೇಲಿನ ನೆನೆದ ಪದರವೂ ಹಾಳಾಗುತ್ತದೆ. ಮಾರನೇ ದಿನ ಓದೋದು ನಿಧಾನ. 3 ಮೋಲಾರ್ ಕೆಸಿಎಲ್‌ನಲ್ಲೇ ಇಡಿ. 22.4 ಗ್ರಾಂ ತೂಗಿ, ಕರಗಿಸಿ, ಒಟ್ಟು 100 ಮಿಲಿ ಮಾಡಿದರೆ ಆಯಿತು. ಎಲೆಕ್ಟ್ರೋಡಿನ ಟೋಪಿಯಲ್ಲಿ ಇದನ್ನೇ ಹಾಕಿ, ಗುಂಡು ಮುಳುಗುವಷ್ಟು. ಮೇಲಿನ ರಬ್ಬರ್ ಮುಚ್ಚಳ ಆಗ ಹಾಕಬೇಕು, ಓದುವಾಗ ತೆಗೆಯಬೇಕು. ಇದು ತಿರುವುಮುರುವು ಆಗೋದೇ ಜಾಸ್ತಿ.

ಬೇಸಿಗೆಯಲ್ಲಿ ಶನಿವಾರ ತುಂಬಿದ ಟೋಪಿ ಸೋಮವಾರಕ್ಕೆ ಅರ್ಧ ಆಗಿರುತ್ತದೆ. ಹೊರಗೆ ಬಿಳಿ ಹರಳು ಕಟ್ಟಿದ್ದರೆ ಗಾಬರಿ ಬೇಡ, ಅದು ಕೆಸಿಎಲ್ ಅಷ್ಟೇ, ತೊಳೆದರೆ ಹೋಗುತ್ತದೆ. ಗುಂಡು ಪೂರಾ ಒಣಗಿದ್ದರೆ ಮಾತ್ರ ರಾತ್ರಿಯಿಡೀ ಕೆಸಿಎಲ್‌ನಲ್ಲಿ ನೆನೆಸಿ, ಅವತ್ತು ಸ್ಯಾಂಪಲ್ ತೆಗೆಯಬೇಡಿ. ಸತತ ರಜೆ ಬಂದರೆ ಅಟೆಂಡರ್ ಕಾಕಾಗೆ ಹೇಳಿಟ್ಟಿದ್ದೇನೆ, ನಡುವೆ ಒಮ್ಮೆ ಬಂದು ಟೋಪಿ ನೋಡುತ್ತಾರೆ. ಅವರಿಗೆ ನೀವೂ ಒಂದು ಮಾತು ನೆನಪಿಸಿ. ಕೆಸಿಎಲ್ ಬಾಟಲಿ ತಕ್ಕಡಿಯ ಎಡಗಡೆ ಕಪಾಟಿನಲ್ಲಿದೆ, ಬಿಡಿ ಎಲೆಕ್ಟ್ರೋಡ್ ಅದೇ ಕಪಾಟಿನ ಕೆಳಗಿನ ಡ್ರಾದಲ್ಲಿದೆ, ಇನ್ನೂ ಸೀಲ್ ಒಡೆದಿಲ್ಲ.