ಜಪಾನೀ ನಗೆಮಾತು ಹಿಡಿಯಲು ನಾನು ಕಲಿತ ಬಗೆ

ಜಪಾನೀ ಹಾಸ್ಯವನ್ನು ಅರ್ಥ ಮಾಡಿಕೊಳ್ಳಲು ನಾನು ಹೊರಟಿದ್ದು 'ಮಂಜಾಯ್' ಎಂಬ ಇಬ್ಬರ ಹಾಸ್ಯ ಸಂಭಾಷಣೆಯಿಂದ. ಅದರಲ್ಲಿ 'ಬೊಕೆ' ಪಾತ್ರದವನು ಅಸಂಬದ್ಧವಾದದ್ದೇನನ್ನೋ ಹೇಳುತ್ತಾನೆ, 'ತ್ಸುಕ್ಕೊಮಿ' ಪಾತ್ರದವನು ಒಡನೆಯೇ ಅವನನ್ನು ತಡೆದು ತಿದ್ದುತ್ತಾನೆ. ಕಲಿಯುವವರಿಗೆ ಈ ತಿದ್ದುವ ಮಾತೇ ದೊಡ್ಡ ವರ. ವಿಚಿತ್ರವಾದ ವಾಕ್ಯ ಕಿವಿಗೆ ಬಿದ್ದಾಗ, ಅದು ನಗೆಮಾತಿರಬಹುದೆಂದು ನಾವು ಊಹಿಸುವುದಿಲ್ಲ. ನಾವೇ ತಪ್ಪಾಗಿ ಕೇಳಿಸಿಕೊಂಡೆವೆಂದು ತಿಳಿದು ಮುಂದೆ ಸಾಗುತ್ತೇವೆ. 'ನಂದೆ ಯಾ ನೆನ್' (ಅದ್ಹೇಗಯ್ಯಾ!) ಎಂದು ಒಬ್ಬ ಗದರಿದನೆಂದರೆ, ಅದರ ಹಿಂದಿನ ಮಾತಿನಲ್ಲಿಯೇ ಚೇಷ್ಟೆ ಇದೆಯೆಂಬುದು ಖಚಿತವಾಗುತ್ತದೆ.

ಆದ್ದರಿಂದ ನಾನು ತ್ಸುಕ್ಕೊಮಿಯ ಮಾತು ಬಂದೊಡನೆ ವಿಡಿಯೊವನ್ನು ನಿಲ್ಲಿಸಿ, ಹಿಂದಿನ ಒಂದೇ ವಾಕ್ಯವನ್ನು ಮತ್ತೆ ಕೇಳಿ, ಅದನ್ನು ಉಚ್ಚಾರವನ್ನಷ್ಟೇ ತೋರಿಸುವ ಹಿರಗಾನ ಲಿಪಿಯಲ್ಲಿ ಪದಗಳ ನಡುವೆ ತೆರಪಿಲ್ಲದಂತೆ ಬರೆದುಕೊಳ್ಳುತ್ತಿದ್ದೆ. ಅಡಿಬರಹವನ್ನು ಬೇಕೆಂದೇ ಮುಚ್ಚಿಡುತ್ತಿದ್ದೆ, ಏಕೆಂದರೆ ಅದರಲ್ಲಿ ಬರುವ, ಅರ್ಥವನ್ನು ಸೂಚಿಸುವ ಕಾಂಜಿ ಅಕ್ಷರಗಳು ಒಂದೇ ಉಚ್ಚಾರದ ಎರಡು ಪದಗಳನ್ನು ಬೇರೆಬೇರೆ ಆಕಾರದಲ್ಲಿ ತೋರಿಸುತ್ತವೆ. ಕಣ್ಣು ಅರ್ಥವನ್ನು ಮೊದಲೇ ತೀರ್ಮಾನಿಸಿದ ಮೇಲೆ ಕಿವಿಗೆ ಶ್ಲೇಷೆ ದಕ್ಕುವುದಿಲ್ಲ.

ಎಲ್ಲರಿಗೂ ಗೊತ್ತಿರುವ ಒಂದು 'ದಜಾರೆ', ಅಂದರೆ ಪದಚೇಷ್ಟೆ, ಹೀಗಿದೆ: 'ಅರುಮಿ ಕನ್ ನೊ ಉಎ ನಿ ಅರು ಮಿಕನ್'. ಅಲ್ಯುಮಿನಿಯಂ ಡಬ್ಬಿಯ ಮೇಲಿರುವ ಕಿತ್ತಳೆ ಎಂಬುದು ಇದರ ಅರ್ಥ, ಅದರಲ್ಲಿ ನಗುವಂಥದ್ದೇನೂ ಇಲ್ಲ. ತೆರಪಿಲ್ಲದೆ ಬರೆದು ಗಟ್ಟಿಯಾಗಿ ಓದಿದಾಗ ಮಾತ್ರ 'ಅರುಮಿಕನ್' ಎಂಬ ಧ್ವನಿಸರಣಿ ಎರಡು ಬಾರಿ ಬಂದಿರುವುದು ತಿಳಿಯುತ್ತದೆ: ಮೊದಲ ಸಲ 'ಅರುಮಿ' ಮತ್ತು 'ಕನ್' (ಅಲ್ಯುಮಿನಿಯಂ, ಡಬ್ಬಿ), ಎರಡನೆಯ ಸಲ 'ಅರು' ಮತ್ತು 'ಮಿಕನ್' (ಇರುವ, ಕಿತ್ತಳೆ). ಪರಭಾಷೆಯನ್ನು ಕೇಳುವಾಗ ನಾವು ಅರ್ಥ ಸಿಕ್ಕೊಡನೆ ಧ್ವನಿಯನ್ನು ಕೈಬಿಡುತ್ತೇವೆ. ಶ್ಲೇಷೆಯಾದರೋ ಆ ಕೈಬಿಟ್ಟ ಧ್ವನಿಯಲ್ಲೇ ಇರುತ್ತದೆ. ಎಲ್ಲ ಪದಗಳೂ ಗೊತ್ತಿರುವವರಿಗೂ ಅದು ತಪ್ಪಿಹೋಗಲು ಇದೇ ಕಾರಣವೆಂದು ನನ್ನ ಅಭಿಪ್ರಾಯ. ಇಂಥ ಮಾತಿಗೆ ಕೇಳುಗರು 'ಸಮುಯಿ' (ಚಳಿ) ಎಂದು ಮುಖ ಸಿಂಡರಿಸುವುದೂ ಉಂಟು, ಹಾಗಾಗಿ ನಗು ಕೇಳಿಸದಿದ್ದರೆ ಶ್ಲೇಷೆಯೇ ಇರಲಿಲ್ಲವೆಂದು ಭಾವಿಸಬಾರದು.

ವ್ಯಂಗ್ಯಕ್ಕೆ ಈ ಕ್ರಮ ಸಾಲದು, ಅಲ್ಲಿ ಗದರುವವರು ಯಾರೂ ಇರುವುದಿಲ್ಲ. ನಾನು ಗಮನವಿಟ್ಟದ್ದು ಗೌರವರೂಪಗಳ ಮೇಲೆ. ಸದಾ ಸಲಿಗೆಯ ರೂಪದಲ್ಲಿ ಮಾತಾಡುವ ಗೆಳೆಯರಲ್ಲಿ ಒಬ್ಬರು ಇದ್ದಕ್ಕಿದ್ದಂತೆ ಅತಿ ಗೌರವದ ಕ್ರಿಯಾಪದ ಬಳಸಿದರೆ, ಹೊಗಳಿಕೆಯಂತೆ ಕಾಣುವ ಆ ಮಾತು ಬಹುಮಟ್ಟಿಗೆ ಚುಚ್ಚುಮಾತೇ ಆಗಿರುತ್ತದೆ. ಮನೆಯವರೇ 'ತಾವು ದಯಮಾಡಿಸಬೇಕು' ಎಂದಾಗ ನಮಗೆ ತಿಳಿಯುವುದಿಲ್ಲವೇ, ಹಾಗೆಯೇ. ಆದರೆ ಅದೇ ರೂಪ ಅಪರಿಚಿತರ ಬಾಯಲ್ಲಿ ಬರಿಯ ಮರ್ಯಾದೆ. ಆದ್ದರಿಂದ ಆ ಇಬ್ಬರು ಎಂದಿನಂತೆ ಯಾವ ರೂಪದಲ್ಲಿ ಮಾತಾಡಿಕೊಳ್ಳುತ್ತಾರೆಂಬುದು ಗೊತ್ತಿಲ್ಲದಿದ್ದರೆ ನಾನು ಈಗಲೂ ತೀರ್ಮಾನಕ್ಕೆ ಬರುವುದಿಲ್ಲ.